ಕೋಲಿನ ಮೂರು ತುಂಡು, ಒಂದು ತ್ರಿಕೋನ: 0.19 ಬಂದದ್ದೇಕೆ?

"ಕೋಲನ್ನು ಒಮ್ಮೆ ಮುರಿದು, ಸಿಕ್ಕ ಎರಡು ತುಂಡುಗಳಲ್ಲಿ ಒಂದನ್ನು ಚೀಟಿ ಎತ್ತಿದಂತೆ ಆರಿಸಿ ಮತ್ತೆ ಮುರಿಯುವ ಪ್ರೋಗ್ರಾಂ ಬರೆದೆ. ಮೂರು ತುಂಡುಗಳಿಂದ ತ್ರಿಕೋನವಾಗುವ ಸಂಭವನೀಯತೆ 1/4 ಬರಬೇಕಿತ್ತು, 0.19 ಬರುತ್ತಿದೆ. ತಪ್ಪೆಲ್ಲಿ?"

ಪ್ರೋಗ್ರಾಂ ಸರಿಯಾಗಿಯೇ ಇದೆ, ಆದರೆ ಅದು ಬೇರೊಂದು ಪ್ರಶ್ನೆಗೆ ಉತ್ತರ ಕೊಡುತ್ತಿದೆ. 1/4 ಬರುವುದು ಮುರಿಯುವ ಎರಡೂ ಬಿಂದುಗಳು ಇಡೀ ಕೋಲಿನ ಮೇಲೆ ಎಲ್ಲಿ ಬೇಕಾದರೂ ಸಮಾನ ಸಾಧ್ಯತೆಯಿಂದ ಬಿದ್ದಾಗ.

ತ್ರಿಕೋನವಾಗಲು ಷರತ್ತು ಒಂದೇ: ಯಾವ ತುಂಡೂ ಕೋಲಿನ ಅರ್ಧದಷ್ಟು ಅಥವಾ ಅದಕ್ಕಿಂತ ಉದ್ದವಿರಬಾರದು. ಕೋಲಿನ ಉದ್ದ 1, ಮೊದಲ ಬಿಂದು 0.2ರಲ್ಲಿ ಬಿತ್ತು ಎನ್ನಿ. ಎರಡನೆಯದು 0.5 ಮತ್ತು 0.7ರ ನಡುವೆಯೇ ಬೀಳಬೇಕು. ಅದಕ್ಕಿಂತ ಎಡಕ್ಕೆ ಬಿದ್ದರೆ ಕೊನೆಯ ತುಂಡು ಅರ್ಧ ಮೀರುತ್ತದೆ, ಬಲಕ್ಕೆ ಬಿದ್ದರೆ ನಡುವಿನದು. ಈ ಕಿಂಡಿಯ ಅಗಲ 0.2, ಅಂದರೆ ಮೊದಲ ಮುರಿತದ ಚಿಕ್ಕ ತುಂಡಿನಷ್ಟೇ! ನನಗೆ ಈ ಲೆಕ್ಕದಲ್ಲಿ ಬಹಳ ಹಿಡಿಸುವುದು ಇದೇ. ಚಿಕ್ಕ ತುಂಡಿನ ಉದ್ದ 0ಯಿಂದ 0.5ರವರೆಗೆ ಸಮನಾಗಿ ಹರಡಿರುತ್ತದೆ, ಹಾಗಾಗಿ ಸರಾಸರಿ 1/4.

ನಿಮ್ಮ ಕ್ರಮದಲ್ಲಿ ಉದ್ದನೆಯ ತುಂಡು ಕೈಗೆ ಬರುವುದೇ ಅರ್ಧ ಸಲ. ಚಿಕ್ಕದು ಬಂದರೆ ತ್ರಿಕೋನವಾಗುವುದೇ ಇಲ್ಲ. ಉದ್ದನೆಯದು ಬಂದರೂ, ಮೇಲಿನ ಉದಾಹರಣೆಯಲ್ಲಿ 0.8ರಲ್ಲಿ 0.2 ಭಾಗ ಮಾತ್ರ ಅನುಕೂಲ. ಒಟ್ಟು 0.125. ಎಲ್ಲ ಸ್ಥಾನಗಳ ಸರಾಸರಿ ln 2 − 1/2, ಸುಮಾರು 0.193. ಪ್ರತಿ ಸಲವೂ ಉದ್ದನೆಯದನ್ನೇ ಮುರಿದರೆ ಇದರ ಎರಡರಷ್ಟು, 0.386.

ಆರಿಸುವ ಸಾಲನ್ನು ತೆಗೆದು, ಎರಡೂ ಬಿಂದುಗಳನ್ನು ಇಡೀ ಕೋಲಿನ ಮೇಲೆ ಹೀಗೆ ಎಸೆಯಿರಿ:

```
a, b = sorted([random(), random()])
ok = max(a, b - a, 1 - b) < 0.5
```