ಅಂಗೈ ಉರಿ, ಭೇದಿ: ಮಾತ್ರೆ ನಿಲ್ಲಿಸಬೇಕಾ?

"ಅಮ್ಮನಿಗೆ ಕ್ಯಾನ್ಸರ್ ಮಾತ್ರೆ ಕೆಪೆಸಿಟಾಬಿನ್, ಹೊತ್ತಿಗೆ 1500 ಮಿ.ಗ್ರಾಂ. ಮೊದಲ ಸಲ ಅಂಗೈ ಊದಿ ನೋವು, ದಿನಕ್ಕೆ ಆರು ಸಲ ಭೇದಿ. ಮುಂದುವರಿಸಲಾ?"

ಮುಂದಿನ ಮಾತ್ರೆ ಕೊಡಬೇಡಿ, ಈಗಲೇ ಆಂಕಾಲಜಿಸ್ಟ್‌ಗೆ ಫೋನ್ ಮಾಡಿ. ಮಾಮೂಲಿಗಿಂತ ಎಷ್ಟು ಸಲ ಜಾಸ್ತಿ ಅನ್ನೋದೇ ಇಲ್ಲಿ ಲೆಕ್ಕ. ಮೊದಲು ದಿನಕ್ಕೊಮ್ಮೆ ಹೋಗುತ್ತಿದ್ದರೆ ಈಗ ಐದು ಜಾಸ್ತಿ. ನಾಲ್ಕರಿಂದ ಆರು ಜಾಸ್ತಿ ಆದರೆ ಗ್ರೇಡ್ 2, ಅಂದರೆ ಮಧ್ಯಮ ತೀವ್ರತೆ. ಲೋಟ ಹಿಡಿಯಲು ಕಷ್ಟವಾಗುವಷ್ಟು ಊತ, ನೋವು ಕೂಡ ಗ್ರೇಡ್ 2. ಸೌಮ್ಯ ಅನ್ನಿಸುವ ಗ್ರೇಡ್ 1ಕ್ಕೆ ಇಳಿಯುವವರೆಗೆ ಮಾತ್ರೆ ನಿಲ್ಲಿಸುತ್ತಾರೆ. ಮೊದಲ ಸಲವಾದ್ದರಿಂದ ಸಾಮಾನ್ಯವಾಗಿ ಅದೇ ಡೋಸ್ ಮತ್ತೆ ಶುರು. ಎರಡನೇ ಸಲ ಬಂದರೆ ಮುಕ್ಕಾಲು ಡೋಸ್: ಹೊತ್ತಿಗೆ 500ರ ಎರಡು, 150ರ ಒಂದು. ಬಿಟ್ಟ ಮಾತ್ರೆಗಳನ್ನು ಆಮೇಲೆ ಸೇರಿಸಿ ಕೊಡಬೇಡಿ. ಓಆರ್‌ಎಸ್ ಕುಡಿಸುತ್ತಿರಿ. ಜ್ವರ ಬಂದರೆ, ಅಂಗೈಯಲ್ಲಿ ಬೊಕ್ಕೆ ಎದ್ದರೆ, ಮೂತ್ರ ಕಡಿಮೆಯಾದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.