ಮಳೆಗಾಲದ ಲಂಗೋಟಿ, ಕೂಸಿನ ತೊಡೆಸಂದಿ

ಪ್ರಶ್ನೆ: ನಮ್ಮ ಕೂಸಿಗೆ ಐದು ತಿಂಗಳು. ಹೋದ ತಿಂಗಳು ಕಫ, ಜ್ವರ ಅಂತ ಐದು ದಿನ ಆ್ಯಂಟಿಬಯೋಟಿಕ್ ಕೊಟ್ಟಿದ್ದರು. ಅದು ಮುಗಿಯುತ್ತಿದ್ದ ಹಾಗೆ ತೊಡೆಸಂದಿ ಕೆಂಪಾಯಿತು. ಅತ್ತೆ ತೆಂಗಿನೆಣ್ಣೆ ಹಚ್ಚಿದರು, ನಾನು ಪೌಡರ್ ಹಾಕಿದೆ. ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಂದ ಕ್ರೀಮ್ ಹಚ್ಚಿದಾಗ ಎರಡೇ ದಿನಕ್ಕೆ ಕೆಂಪು ಇಳಿಯಿತು. ಬಿಟ್ಟ ಕೂಡಲೇ ಮೊದಲಿಗಿಂತ ಜಾಸ್ತಿ ಬಂತು. ಈಗ ಸುತ್ತಲೂ ಸಣ್ಣ ಸಣ್ಣ ಗುಳ್ಳೆ. ಮಳೆ ಬಿಡುತ್ತಿಲ್ಲ, ಬಟ್ಟೆ ಒಣಗುತ್ತಿಲ್ಲ. ಏನು ಮಾಡಲಿ ಡಾಕ್ಟ್ರೇ?
– ಒಬ್ಬ ತಾಯಿ, ಅಂಕೋಲಾ

ಉತ್ತರ (ಮಕ್ಕಳ ವೈದ್ಯರು, ಶಿರಸಿ):

ಮೊದಲು ಆ ಕ್ರೀಮಿನ ಟ್ಯೂಬ್ ಹುಡುಕಿ ಬೆಳಕಿಗೆ ಹಿಡಿಯಿರಿ. ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಒಳಗೆ ಏನೇನಿದೆ ಅಂತ ಬರೆದಿರುತ್ತದೆ. ಅಲ್ಲಿ ಒಂದರ ಬದಲು ಮೂರು ಔಷಧಿ ಕಂಡರೆ, ಅದರಲ್ಲೂ ಬೆಟಾಮೆಥಾಸೋನ್, ಬೆಕ್ಲೊಮೆಥಾಸೋನ್ ಅಥವಾ ಕ್ಲೋಬೆಟಾಸಾಲ್ ಅಂತ ಇದ್ದರೆ ಇವತ್ತೇ ನಿಲ್ಲಿಸಿ. ಇವು ಸ್ಟಿರಾಯ್ಡ್. ಎರಡು ದಿನಕ್ಕೆ ಕೆಂಪು ಇಳಿದು, ಬಿಟ್ಟ ಕೂಡಲೇ ಮೊದಲಿಗಿಂತ ಜಾಸ್ತಿ ಬಂತು ಅಂದಿರಲ್ಲ, ಆ ಒಂದು ಮಾತಿನಿಂದಲೇ ನನಗೆ ಅನುಮಾನ ಬಂದಿದ್ದು. ಸ್ಟಿರಾಯ್ಡ್ ಕೆಂಪನ್ನೂ ಉರಿಯನ್ನೂ ತಗ್ಗಿಸುತ್ತದೆ. ಆದರೆ ನಿಮ್ಮ ಕೂಸಿಗೆ ಆಗಿರುವುದು ಫಂಗಸ್ ಇರಬೇಕು, ಅದರ ಜೊತೆ ಹೋರಾಡುವ ಚರ್ಮದ ಶಕ್ತಿಯನ್ನೂ ತಗ್ಗಿಸುತ್ತದೆ. ಮೇಲೆ ಚೆನ್ನಾಗಿ ಕಂಡರೂ ಒಳಗೆ ಫಂಗಸ್ ಬೆಳೆಯುತ್ತಲೇ ಇರುತ್ತದೆ.

ಇನ್ನೂ ಒಂದು ಕಾರಣ ಇದೆ. ಕೂಸಿನ ಚರ್ಮ ತೆಳು. ಅದರ ಮೇಲೆ ಡೈಪರ್ ಕಟ್ಟಿದರೆ ಬಿಗಿಯಾಗಿ ಮುಚ್ಚಳ ಹಾಕಿದ ಹಾಗೆ. ಹಚ್ಚಿದ ಸ್ಟಿರಾಯ್ಡ್ ದೊಡ್ಡವರಿಗಿಂತ ಎಷ್ಟೋ ಜಾಸ್ತಿ ಒಳಗೆ ಇಳಿಯುತ್ತದೆ. ವಾರಗಟ್ಟಲೆ ಹಚ್ಚಿದರೆ ಚರ್ಮ ಇನ್ನೂ ತೆಳುವಾಗುತ್ತದೆ, ರಕ್ತಕ್ಕೂ ಸೇರಿ ಮಗುವಿನ ಮುಖ ಊದುವುದು, ಬೆಳವಣಿಗೆ ಕುಂಠಿತವಾಗುವುದು ಎಲ್ಲ ಉಂಟು. ನೀವು ನಾಲ್ಕಾರು ದಿನ ಹಚ್ಚಿದ್ದರೆ ಅಷ್ಟು ಗಾಬರಿ ಬೇಡ. ಕೆಲವೊಮ್ಮೆ ನಾವೇ ತುಂಬಾ ಸೌಮ್ಯವಾದ ಹೈಡ್ರೊಕಾರ್ಟಿಸೋನ್ ಅನ್ನು ಎರಡು ಮೂರು ದಿನಕ್ಕೆ ಬರೆಯುತ್ತೇವೆ. ಅದು ನೋಡಿ ಬರೆಯುವ ಮಾತು. ಅಂಗಡಿಯ ಮೂರು-ಬೆರಕೆ ಕ್ರೀಮ್ ಬೇರೆಯೇ.

ಈಗ ಕಿಟಕಿ ಹತ್ತಿರ ಕೂಸನ್ನು ಮಲಗಿಸಿ, ತೊಡೆಸಂದಿಯ ಮಡಿಕೆಯನ್ನು ಎರಡು ಬೆರಳಿನಿಂದ ಮೆಲ್ಲಗೆ ಬಿಡಿಸಿ ನೋಡಿ. ಉಚ್ಚೆಯ ಒದ್ದೆಗೆ ಉಜ್ಜಿ ಬರುವ ಸಾದಾ ಕೆಂಪು ಡೈಪರ್ ತಾಗುವ ಕಡೆ ಇರುತ್ತದೆ, ಅಂದರೆ ಕುಂಡೆಯ ಉಬ್ಬು, ಹೊಟ್ಟೆಯ ಕೆಳಗೆ, ತೊಡೆಯ ಮೇಲೆ. ಮಡಿಕೆಯ ಆಳ ಬಹಳ ಸಲ ಉಳಿದುಕೊಂಡಿರುತ್ತದೆ. ಕ್ಯಾಂಡಿಡಾ ಫಂಗಸ್ ಆದರೆ ಇದಕ್ಕೆ ಉಲ್ಟಾ. ಮಡಿಕೆಯೊಳಗೇ ಜಾಸ್ತಿ. ಹಸಿ ಮಾಂಸದ ಹಾಗೆ ಗಾಢ ಕೆಂಪು, ಅಂಚು ಗೆರೆ ಎಳೆದ ಹಾಗೆ ಸ್ಪಷ್ಟ, ಅಂಚಿನಲ್ಲಿ ತೆಳ್ಳಗೆ ಸಿಪ್ಪೆ. ಆ ದೊಡ್ಡ ಕೆಂಪಿನಿಂದ ಸ್ವಲ್ಪ ದೂರದಲ್ಲಿ ರಾಗಿಕಾಳು ಚೆಲ್ಲಿದ ಹಾಗೆ ಬಿಡಿ ಬಿಡಿ ಗುಳ್ಳೆಗಳು. ನೀವು ಹೇಳಿದ ಗುಳ್ಳೆಗಳು ಇವೇ ಇರಬೇಕು. ಕಪ್ಪು ಮೈಬಣ್ಣದ ಮಕ್ಕಳಲ್ಲಿ ಕೆಂಪು ಅಷ್ಟು ಕಾಣದೆ ಕಂದು ಅಥವಾ ನೇರಳೆಯಾಗಿ ಕಂಡೀತು. ಆಗ ಗುಳ್ಳೆಗಳೇ ಗುರುತು.

ಕ್ಯಾಂಡಿಡಾ ಹೊರಗಿನಿಂದ ಬಂದಿದ್ದಲ್ಲ. ಕೂಸಿನ ಕರುಳಲ್ಲಿ ಸ್ವಲ್ಪ ಇದ್ದೇ ಇರುತ್ತದೆ, ಹೇಲಿನ ಜೊತೆ ಹೊರಗೆ ಬರುತ್ತದೆ. ಅದನ್ನು ಹದ್ದುಬಸ್ತಿನಲ್ಲಿ ಇಡುವುದು ಅಲ್ಲಿನ ಒಳ್ಳೆಯ ಬ್ಯಾಕ್ಟೀರಿಯಾ. ಆ್ಯಂಟಿಬಯೋಟಿಕ್ ಕೊಟ್ಟಾಗ ಅವು ಸಾಯುತ್ತವೆ, ಫಂಗಸ್ ಮಾತ್ರ ಉಳಿದು ಹೆಚ್ಚುತ್ತದೆ. ಜೊತೆಗೆ ಬೆಚ್ಚಗಿನ ಒದ್ದೆ ಮಡಿಕೆ ಸಿಕ್ಕರೆ ಮುಗಿಯಿತು. ಬೇಕಿದ್ದ ಆ್ಯಂಟಿಬಯೋಟಿಕ್ ಕೊಟ್ಟಿದ್ದು ತಪ್ಪಲ್ಲ ಬಿಡಿ.

ಇದಕ್ಕೆ ಬೇಕಾದ್ದು ಫಂಗಸ್‌ನ ಒಂದೇ ಒಂದು ಔಷಧಿ ಇರುವ ಕ್ರೀಮ್. ನಿಸ್ಟಾಟಿನ್ ಆಗಬಹುದು, ಇಲ್ಲವೇ ಶೇ. 1ರ ಕ್ಲೋಟ್ರಿಮಜೋಲ್. ನಿಸ್ಟಾಟಿನ್ ಹಳೆಯದು. 1950ರಲ್ಲಿ ಅಮೆರಿಕದ ಎಲಿಜಬೆತ್ ಹೇಝನ್ ಮತ್ತು ರೇಚಲ್ ಬ್ರೌನ್ ಅನ್ನುವ ಇಬ್ಬರು ವಿಜ್ಞಾನಿಗಳು ಕಂಡುಹಿಡಿದರು. ಅವರು ಕೆಲಸ ಮಾಡುತ್ತಿದ್ದ ನ್ಯೂಯಾರ್ಕ್ ಸ್ಟೇಟ್‌ನ ಹೆಸರೇ ಅದರೊಳಗೆ ಅಡಗಿದೆ. ಅದು ಫಂಗಸ್‌ನ ಜೀವಕೋಶದ ಪೊರೆಗೆ ತೂತು ಕೊರೆಯುತ್ತದೆ. ಕ್ಲೋಟ್ರಿಮಜೋಲ್ ಆ ಪೊರೆಗೆ ಬೇಕಾದ ಸಾಮಾನೇ ತಯಾರಾಗದ ಹಾಗೆ ತಡೆಯುತ್ತದೆ. ಎರಡರಲ್ಲಿ ಯಾವುದು ಸಿಕ್ಕರೂ ಆಗುತ್ತದೆ. ಅಂಗಡಿಯಲ್ಲಿ ಕೇಳುವಾಗ ‘ಬರೀ ಕ್ಲೋಟ್ರಿಮಜೋಲ್, ಬೇರೆ ಏನೂ ಸೇರಿರಬಾರದು’ ಅಂತ ಬಾಯಿಬಿಟ್ಟು ಹೇಳಿ. ಇಂಥ ಕ್ರೀಮುಗಳಲ್ಲಿ ಕೊನೆಗೆ ‘ಜೋಲ್’ ಬಂದರೆ ಸಾಮಾನ್ಯವಾಗಿ ಫಂಗಸ್ ಔಷಧಿ, ‘ಸೋನ್’ ಬಂದರೆ ಸ್ಟಿರಾಯ್ಡ್ ಅಂತ ನೆನಪಿಟ್ಟುಕೊಳ್ಳಿ. ಕ್ಲೋಬೆಟಾಸಾಲ್‌ನಂಥ ಕೆಲವು ಸ್ಟಿರಾಯ್ಡ್ ಈ ಲೆಕ್ಕಕ್ಕೆ ಸಿಗುವುದಿಲ್ಲ. ಸ್ಟಿರಾಯ್ಡ್ ಹಚ್ಚಿದ್ದರಿಂದ ನಿಮ್ಮ ಕೂಸಿನ ಚರ್ಮದ ಚಿತ್ರ ಸ್ವಲ್ಪ ಕಲಸಿರಬಹುದು. ಹಾಗಾಗಿ ಕ್ರೀಮ್ ಶುರು ಮಾಡುವ ಮೊದಲು ಮಕ್ಕಳ ಡಾಕ್ಟರಿಗೆ ಒಮ್ಮೆ ತೋರಿಸಿ, ಹಳೆ ಟ್ಯೂಬನ್ನೂ ಕೈಯಲ್ಲಿ ಒಯ್ಯಿರಿ.

ಹಚ್ಚುವ ರೀತಿ ಹೀಗೆ. ಉಗುರುಬೆಚ್ಚಗಿನ ನೀರಲ್ಲಿ ತೊಳೆಯಿರಿ. ಸೋಪು ಬೇಡ, ಸುವಾಸನೆಯ ವೈಪ್ಸ್ ಬೇಡ. ಹಳೆ ಪಂಚೆಯ ಮೆತ್ತನೆ ತುಂಡಿನಿಂದ ಒತ್ತಿ ಒತ್ತಿ ನೀರು ತೆಗೆಯಿರಿ, ಉಜ್ಜಬೇಡಿ. ಮಡಿಕೆ ಬಿಡಿಸಿ ಒಳಗೂ ಒತ್ತಿ. ಆಮೇಲೆ ಐದು ನಿಮಿಷ ಹಾಗೇ ಬಿಡಿ. ಒಂದು ಬಟಾಣಿ ಕಾಳಿನಷ್ಟು ಕ್ರೀಮ್ ಎರಡೂ ಕಡೆಗೆ ಸಾಕು. ತೆಳುವಾಗಿ ಸವರಿ, ಕೆಂಪಿನ ಅಂಚು ದಾಟಿ ಆ ಬಿಡಿ ಗುಳ್ಳೆಗಳ ತನಕ. ಬಹಳ ಜನ ಕೆಂಪಿಗಷ್ಟೇ ಹಚ್ಚಿ ಗುಳ್ಳೆಗಳನ್ನು ಬಿಟ್ಟುಬಿಡುತ್ತಾರೆ. ಫಂಗಸ್ ಹೊಸದಾಗಿ ಹರಡುತ್ತಿರುವುದು ಅಲ್ಲೇ. ಕ್ಲೋಟ್ರಿಮಜೋಲ್ ಆದರೆ ದಿನಕ್ಕೆ ಎರಡು ಮೂರು ಸಲ, ನಿಸ್ಟಾಟಿನ್ ಆದರೆ ಎರಡರಿಂದ ನಾಲ್ಕು ಸಲ. ಅದು ಚರ್ಮಕ್ಕೆ ಹಿಡಿದ ಮೇಲೆ ಜಿಂಕ್ ಆಕ್ಸೈಡ್ ಇರುವ ಬಿಳಿ ಮುಲಾಮನ್ನು ದಪ್ಪಗೆ, ದೋಸೆಗೆ ಬೆಣ್ಣೆ ಮೆತ್ತಿದ ಹಾಗೆ. ಈ ಕ್ರಮ ತಲೆಕೆಳಗಾಗಬಾರದು. ಜಿಂಕ್ ಮೊದಲು ಬಿದ್ದರೆ ಔಷಧಿ ಚರ್ಮ ಮುಟ್ಟುವುದೇ ಇಲ್ಲ. ಮಿಕ್ಕ ಸಲ ಬರೀ ಜಿಂಕ್ ಸಾಕು. ಬರೀ ಜಿಂಕ್ ಹಚ್ಚುವ ಆ ಸಲಗಳಲ್ಲಿ ಹಳೆಯದನ್ನು ಪೂರ್ತಿ ಕೆರೆದು ತೆಗೆಯಬೇಡಿ, ಗಲೀಜಾದ ಪದರ ಒರೆಸಿ ಮೇಲೆ ಹೊಸದು ಹಚ್ಚಿ.

ಪೌಡರ್ ನಿಲ್ಲಿಸಿ. ಅದು ಮಡಿಕೆಯಲ್ಲಿ ಬೆವರಿನ ಜೊತೆ ಕಲಸಿ ಹಿಟ್ಟಾಗಿ ಕೂರುತ್ತದೆ, ಹಾಕುವಾಗ ಕೂಸಿನ ಉಸಿರಿಗೂ ಹೋಗುತ್ತದೆ.

ಇನ್ನು ಒಣಗಿಸುವ ವಿಷಯ. ಇದರಲ್ಲಿ ನಾನೇ ಎಡವಿದ್ದೆ. ಪ್ರಾಕ್ಟೀಸ್ ಶುರು ಮಾಡಿದ ಹೊಸತರಲ್ಲಿ, ಒಂದು ಜುಲೈ ತಿಂಗಳಲ್ಲಿ, ಘಟ್ಟದ ಮೇಲಿನ ಹಳ್ಳಿಯಿಂದ ನಾಲ್ಕು ತಿಂಗಳ ಗಂಡುಮಗು ಬಂತು. ರೋಗ ಸರಿಯಾಗಿ ಗುರುತಿಸಿದೆ, ಕ್ಲೋಟ್ರಿಮಜೋಲ್ ಸರಿಯಾಗಿ ಬರೆದೆ. ಎಂಟು ದಿನಕ್ಕೆ ಅದೇ ಕೆಂಪು ಹೊತ್ತು ವಾಪಸ್ ಬಂದರು. ಔಷಧಿ ಬದಲಿಸಲು ಪೆನ್ ತೆಗೆದೆ. ಅಷ್ಟರಲ್ಲಿ ಅಜ್ಜಿ ಚೀಲದಿಂದ ಲಂಗೋಟಿ ತೆಗೆದು ಕಟ್ಟಲು ಹೊರಟರು. ನೋಡಲು ಒಣಗಿದ ಹಾಗೇ ಇತ್ತು, ಬಚ್ಚಲ ಒಲೆಯ ಹೊಗೆ ವಾಸನೆಯೂ ಇತ್ತು. ಕೈಗೆ ತೆಗೆದುಕೊಂಡರೆ ತಣ್ಣಗೆ! ಹೊಲಿಗೆಯ ಹತ್ತಿರ, ಬಟ್ಟೆ ನಾಲ್ಕು ಪದರ ಇರುವಲ್ಲಿ ಇನ್ನೂ ಹಸಿ. ದಿನಕ್ಕೆ ಹತ್ತು ಹನ್ನೆರಡು ಸಲ ಆ ಹಸಿಯನ್ನೇ ಕಟ್ಟುತ್ತಿದ್ದರು. ಬಟ್ಟೆ ಹೇಗೆ ಒಣಗಿಸುತ್ತೀರಿ ಅಂತ ನಾನು ಕೇಳಿಯೇ ಇರಲಿಲ್ಲ. ಕ್ರೀಮ್ ಬದಲಿಸಲಿಲ್ಲ, ಬಟ್ಟೆ ಬದಲಿಸಿದೆವು. ಹತ್ತು ದಿನಕ್ಕೆ ವಾಸಿ ಆಯಿತು.

ಹಾಗಾಗಿ ಲಂಗೋಟಿಯನ್ನು ಕೈಯಲ್ಲಿ ಮುಟ್ಟಿ ನಂಬಬೇಡಿ. ಹೊಲಿಗೆಯ ಭಾಗವನ್ನು ಕೆನ್ನೆಗೆ ಇಟ್ಟು ನೋಡಿ. ತಣ್ಣಗೆ ಅನ್ನಿಸಿದರೆ ಒಳಗೆ ನೀರಿದೆ. ಇಸ್ತ್ರಿ ಪೆಟ್ಟಿಗೆ ಹಾಯಿಸಿ, ಹಬೆ ಏಳುವುದು ನಿಲ್ಲುವ ತನಕ, ಎರಡೂ ಮಗ್ಗುಲು. ಬಿಸಿನೀರಲ್ಲಿ ಒಗೆದು ಎರಡು ಸಲ ಹಿಂಡಿ ತೆಗೆಯಿರಿ, ಸೋಪು ಉಳಿದರೂ ಉರಿ. ಕರೆಂಟ್ ಇಲ್ಲದೆ ಇದೆಲ್ಲ ಆಗದಿದ್ದರೆ, ಈ ಎರಡು ವಾರ ಅಂಗಡಿಯ ಡೈಪರ್ ಹಾಕಿ. ಡೈಪರ್ ಕೆಟ್ಟದ್ದು ಅಂತ ಹಿರಿಯರು ಹೇಳುತ್ತಾರೆ, ಅಲ್ವಾ? ಹಸಿ ಬಟ್ಟೆಗಿಂತ ಅದೇ ಮೇಲು, ಎರಡು ಮೂರು ತಾಸಿಗೊಮ್ಮೆ ಬದಲಿಸಿದರೆ. ಹೇಲು ಆದರೆ ತಕ್ಷಣ. ರಾತ್ರಿಯಿಡೀ ಒಂದೇ ಡೈಪರ್ ಬೇಡ. ಬಟ್ಟೆಯ ಮೇಲೆ ಪ್ಲಾಸ್ಟಿಕ್ ಚಡ್ಡಿಯಂತೂ ಬೇಡವೇ ಬೇಡ. ದಿನಕ್ಕೆ ಮೂರು ನಾಲ್ಕು ಸಲ ಹದಿನೈದು ನಿಮಿಷ ಏನೂ ಕಟ್ಟದೆ ಮಲಗಿಸಿ, ಕೆಳಗೆ ಹಳೆ ಸೀರೆ ಹಾಸಿ. ಮಳೆಯ ಹವೆಯಲ್ಲೇ ಪಸೆ ಇರುವಾಗ ದೂರದಿಂದ ಫ್ಯಾನ್ ಸಣ್ಣಗೆ ತಿರುಗಲಿ.

ಎರಡು ಮೂರು ದಿನದಲ್ಲಿ ಹೊಸ ಗುಳ್ಳೆ ಬರುವುದು ನಿಲ್ಲಬೇಕು. ಆಮೇಲೆ ಕೆಂಪು ಮಾಸಿ ಗುಲಾಬಿಯಾಗಿ ಸಿಪ್ಪೆ ಏಳುತ್ತದೆ. ಪೂರ್ತಿ ಹೋದ ಮೇಲೂ ಎರಡು ಮೂರು ದಿನ ಕ್ರೀಮ್ ಮುಂದುವರಿಸಿ. ಒಟ್ಟು ಏಳರಿಂದ ಹದಿನಾಲ್ಕು ದಿನ. ನೋಡಲು ಚೆನ್ನಾಯಿತು ಅಂತ ಮೂರನೇ ದಿನಕ್ಕೇ ನಿಲ್ಲಿಸಿದವರೇ ಮತ್ತೆ ಬರುವವರು. ವಾಸಿಯಾದ ಜಾಗ ಕೆಲ ವಾರ ಬಿಳಿಚಿಕೊಂಡ ಹಾಗೆ ಕಂಡರೆ ಅದು ತೊನ್ನಲ್ಲ, ಬಣ್ಣ ತಾನೇ ಬರುತ್ತದೆ.

ಮೂರು ದಿನ ಸರಿಯಾಗಿ ಹಚ್ಚಿಯೂ ಇಳಿಯದಿದ್ದರೆ, ಜ್ವರ ಬಂದರೆ, ಕೀವು, ಹಳದಿ ಹಕ್ಕಳೆ, ನೀರುಗುಳ್ಳೆ ಅಥವಾ ರಕ್ತ ಕಂಡರೆ ಕಾಯದೆ ತೋರಿಸಿ. ಒಂದು ತಿಂಗಳೊಳಗಿನ ಕೂಸಾದರೆ ಮನೆಯಲ್ಲಿ ಪ್ರಯತ್ನವೇ ಬೇಡ. ಭೇದಿಯ ಜೊತೆ ಬಾಯಿಯ ಸುತ್ತಲೂ ಇಂಥದೇ ಕೆಂಪು ಇದ್ದರೆ ಅದು ಜಿಂಕ್ ಕೊರತೆ ಇರಬಹುದು, ಕ್ರೀಮಿಗೆ ಬಗ್ಗುವುದಿಲ್ಲ.

ಬಾಯಿ ತೆರೆಸಿಯೂ ನೋಡಿ. ಕೆನ್ನೆಯ ಒಳಗೆ ಹಾಲಿನ ಹಾಗೆ ಬಿಳಿ ಇದ್ದು, ಒರೆಸಿದರೂ ಹೋಗದಿದ್ದರೆ ಅದೇ ಫಂಗಸ್. ಅದಕ್ಕೆ ಬಾಯಿಯ ಔಷಧಿ ಬೇರೆ ಬೇಕು, ಇಲ್ಲದಿದ್ದರೆ ಕೆಳಗೆ ವಾಸಿಯಾದದ್ದು ಮತ್ತೆ ಬರುತ್ತದೆ. ಹಾಲು ಕುಡಿಸುವಾಗ ನಿಮ್ಮ ಮೊಲೆತೊಟ್ಟು ಉರಿಯುತ್ತಿದ್ದರೆ ಸಂಕೋಚ ಬಿಟ್ಟು ಹೇಳಿ, ಇಬ್ಬರಿಗೂ ಒಟ್ಟಿಗೇ ಔಷಧಿ ಆಗಬೇಕು.

ಅತ್ತೆಯವರ ಎಣ್ಣೆಯ ಮೇಲೆ ನನಗೆ ಕೋಪ ಇಲ್ಲ. ಕೈಕಾಲು, ಬೆನ್ನಿಗೆ ಹಚ್ಚಲಿ, ಬಿಸಿನೀರು ಹೊಯ್ಯಲಿ. ತೊಡೆಸಂದಿಗೆ ಮಾತ್ರ ಈ ಹದಿನಾಲ್ಕು ದಿನ ರಜೆ. ಅರಿಶಿನವನ್ನೂ ಅಲ್ಲಿಗೆ ಹಚ್ಚಬೇಡಿ ಅಂತ ಅವರಿಗೆ ಹೇಳಿ. ಹಳದಿ ಬಣ್ಣದ ಅಡಿ ಕೆಂಪು ಇಳಿಯಿತೋ ಇಲ್ಲವೋ ನನಗೂ ಕಾಣುವುದಿಲ್ಲ.