‘ಗಾಡ್‌ಫಾದರ್’ ಮೊದಲ ದೃಶ್ಯ: ಡಾನ್ ಕಣ್ಣು ಯಾಕೆ ಕಾಣಲ್ಲ?

ಪ್ರಶ್ನೆ: ‘ದಿ ಗಾಡ್‌ಫಾದರ್’ (1972) ಮೊದಲ ದೃಶ್ಯದ ಬೆಳಕು, ಉಡುಪು, ಫ್ರೇಮು, ಸೆಟ್ಟು ಬಗ್ಗೆ ಕಾಲೇಜಿಗೆ ಬರೀಬೇಕು. ಎಲ್ಲಿಂದ ಶುರು ಮಾಡ್ಲಿ? ತುಮಕೂರಿನ ನಮ್ಮ ರೂಮಲ್ಲಿ ಆ ಬೆಳಕು ಪ್ರಯತ್ನಿಸಿದೆ, ಬರಲಿಲ್ಲ.

ಉತ್ತರ: ಬೆಳಕಿಂದಲೇ ಶುರು ಮಾಡಿ. ಛಾಯಾಗ್ರಾಹಕ ಗಾರ್ಡನ್ ವಿಲ್ಲಿಸ್ ದೀಪಗಳನ್ನ ತಲೆ ಮೇಲಿಟ್ಟರು. ಹುಬ್ಬಿನ ನೆರಳು ಕಣ್ಣಿನ ಗುಳಿಗೆ ಬೀಳುತ್ತೆ, ಮಾಫಿಯಾ ಮುಖ್ಯಸ್ಥ ಡಾನ್ ಕೊರ್ಲಿಯೋನೆ ಏನು ಯೋಚಿಸ್ತಿದ್ದಾನೆ ಅಂತ ಓದೋಕಾಗಲ್ಲ. ನಿಮ್ಮಲ್ಲಿ ಕೆಟ್ಟಿದ್ದು ಬಹುಶಃ ಸುಣ್ಣದ ಗೋಡೆಯಿಂದ. ಬಿಳಿ ಗೋಡೆ, ನೆಲ ಬೆಳಕನ್ನ ವಾಪಸ್ ಎಸೆದು ಆ ನೆರಳನ್ನೇ ತುಂಬಿಬಿಡುತ್ತೆ. ಮುಖದ ಎರಡೂ ಬದಿಗೆ, ಫ್ರೇಮಿನ ಹೊರಗೆ, ಕರಿ ಕಂಬಳಿ ಇಳಿಬಿಡಿ. ಶಿರಾ, ಪಾವಗಡ ಕಡೆಯ ಕುರಿ ಕಂಬಳಿ ಆದರೂ ಸಾಕು.

ಫ್ರೇಮು, ಡಾನ್ ಹತ್ರ ನ್ಯಾಯ ಬೇಡೋಕೆ ಬಂದ ಬೊನಾಸೆರಾನ ಮುಖದಿಂದ ಶುರುವಾಗಿ ನಿಧಾನಕ್ಕೆ ಹಿಂದೆ ಸರಿಯುತ್ತೆ. ಕೊನೆಗೆ ಮುಂದೆ ಕತ್ತಲಲ್ಲಿ ಡಾನ್‌ನ ತಲೆ, ಕೈ ದೊಡ್ಡದಾಗಿ. ಬೇಡೋನು ಅದರಾಚೆ ಪುಟ್ಟದಾಗಿ. ಯಾರ ಕೈ ಮೇಲು ಅನ್ನೋದು ಅಲ್ಲೇ ಗೊತ್ತಾಗುತ್ತೆ.

ಉಡುಪಲ್ಲಿ ಒಂದೇ ಗಮನಿಸಿ: ಡಾನ್‌ನ ಕರಿ ಸೂಟಿನ ಮೇಲೆ ಕೆಂಪು ಗುಲಾಬಿ. ಅದು ಮಗಳ ಮದುವೆಯದು. ಸೆಟ್ಟಲ್ಲಿ ಕಂದು ಮರ, ಮುಚ್ಚಿದ ಕಿಟಕಿ ಪರದೆ. ಹೊರಗಿನ ಮದುವೆ ಅಂಗಳಕ್ಕೆ ಕಟ್ ಆದಾಗ ಕಣ್ಣು ಕೋರೈಸುತ್ತೆ.